ಶೇ 10ರ ಸಾಲ ಶೇ 16ರ ಸಾಲಕ್ಕಿಂತ ದುಬಾರಿ ಆಗುವುದು ಹೇಗೆ?

ಮಳೆಗಾಲಕ್ಕೆ ಮುಂಚೆ ಮನೆಯ ಮಾಡಿನ ರಿಪೇರಿ ಮುಗಿಸಬೇಕು ಎಂದು ಸೋಮವಾರಪೇಟೆ ಕಡೆಯ ನಮ್ಮ ನೆರೆಯವರೊಬ್ಬರು ಎರಡು ಲಕ್ಷ ರೂಪಾಯಿ ಸಾಲಕ್ಕೆ ಓಡಾಡುತ್ತಿದ್ದರು. ಕೈಯಲ್ಲಿ ಎರಡು ಚೀಟಿ ಇದ್ದವು. ಒಂದು ಕುಶಾಲನಗರದ ಫೈನಾನ್ಸ್ ಏಜೆಂಟ್ ಬರೆದುಕೊಟ್ಟದ್ದು: ಬಡ್ಡಿ ಶೇ 10, ಮೂರು ವರ್ಷ. ಇನ್ನೊಂದು ಮಡಿಕೇರಿಯ ಬ್ಯಾಂಕಿನದ್ದು: ಬಡ್ಡಿ ಶೇ 16, ಅದೂ ಮೂರು ವರ್ಷ.

‘ಇದರಲ್ಲಿ ಕೇಳೋದೇನಿದೆ ಅಣ್ಣ, ಹತ್ತೇ ಕಡಿಮೆ ಅಲ್ವಾ?’ ಎಂದರು.

ಅಲ್ಲ. ಏಜೆಂಟ್ ಸುಳ್ಳು ಹೇಳಿರಲಿಲ್ಲ. ಆದರೆ ಎರಡು ಚೀಟಿಯಲ್ಲಿದ್ದ ಶೇಕಡಾ ಒಂದೇ ಅಳತೆಯದ್ದಲ್ಲ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕಿಲೋದಲ್ಲಿ ಅಳೆದ ಹಾಗೆ. ಎರಡನ್ನೂ ಒಂದೇ ಅಳತೆಗೆ ತರುವುದು ಹೇಗೆ ಎಂದು ಅವರದೇ ಲೆಕ್ಕ ಹಿಡಿದು ನೋಡೋಣ.

ಮೊದಲು ಕೇಳಬೇಕಾದ ಪ್ರಶ್ನೆ

‘ಬಡ್ಡಿ ಎಷ್ಟು?’ ಎಂದು ಕೇಳುವ ಮುಂಚೆ ‘ಬಡ್ಡಿ ಯಾವುದರ ಮೇಲೆ?’ ಎಂದು ಕೇಳಿ. ಉತ್ತರ ಎರಡರಲ್ಲಿ ಒಂದು ಇರುತ್ತದೆ.

ಫ್ಲಾಟ್ ಬಡ್ಡಿ ಎಂದರೆ ಮೊದಲ ದಿನ ಕೊಟ್ಟ ಪೂರ್ತಿ ಸಾಲದ ಮೇಲೆ ಕೊನೆಯ ಕಂತಿನವರೆಗೂ ಬಡ್ಡಿ. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದರೂ ಲೆಕ್ಕದ ಪುಸ್ತಕದಲ್ಲಿ ಎರಡು ಲಕ್ಷ ಎರಡು ಲಕ್ಷವಾಗಿಯೇ ಕೂತಿರುತ್ತದೆ. ರೆಡ್ಯೂಸಿಂಗ್ ಬ್ಯಾಲೆನ್ಸ್ ಎಂದರೆ ಆಯಾ ತಿಂಗಳು ಉಳಿದಿರುವ ಬಾಕಿಯ ಮೇಲೆ ಮಾತ್ರ ಬಡ್ಡಿ. ಬಾಕಿ ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ.

ಏಜೆಂಟ್ ಚೀಟಿಯಲ್ಲಿ ಇದ್ದದ್ದು ಫ್ಲಾಟ್. ಚೀಟಿಯಲ್ಲಿ ಆ ಪದವೇ ಇರಲಿಲ್ಲ, ಫೋನ್ ಮಾಡಿ ಕೇಳಿದಾಗ ಹೇಳಿದರು. ಕೇಳಲು ಮುಜುಗರ ಆದರೆ ನೀವೇ ಪತ್ತೆ ಮಾಡಬಹುದು. ಸಾಲವನ್ನು ಬಡ್ಡಿ ದರದಿಂದಲೂ ವರ್ಷದಿಂದಲೂ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು ಅಸಲಿಗೆ ಕೂಡಿಸಿ, ತಿಂಗಳ ಸಂಖ್ಯೆಯಿಂದ ಭಾಗಿಸಿ. ಅವರು ಹೇಳಿದ ಕಂತೇ ಬಂದರೆ ಅದು ಫ್ಲಾಟ್.

ಇಲ್ಲಿ ಎರಡು ಲಕ್ಷಕ್ಕೆ ವರ್ಷಕ್ಕೆ 20,000 ಬಡ್ಡಿ, ಮೂರು ವರ್ಷಕ್ಕೆ 60,000. ಒಟ್ಟು 2,60,000. ಅದನ್ನು 36ರಿಂದ ಭಾಗಿಸಿದರೆ 7,222. ಏಜೆಂಟ್ ಬರೆದಿದ್ದ ಕಂತೂ ಅದೇ.

ಕಂತು ಮತ್ತು ಒಟ್ಟು ಹಣ ಪಕ್ಕಪಕ್ಕ ಇಡಿ

ಬ್ಯಾಂಕಿನದು ರೆಡ್ಯೂಸಿಂಗ್ ಬ್ಯಾಲೆನ್ಸ್. ಅದರ ಶೇ 16ರ ಸಾಲಕ್ಕೆ ಕಂತು 7,031 ರೂಪಾಯಿ. 36 ತಿಂಗಳಿಗೆ ಒಟ್ಟು ಸುಮಾರು 2,53,130. ಅಂದರೆ ಬಡ್ಡಿ ಸುಮಾರು 53,130.

ಹತ್ತರ ಸಾಲಕ್ಕೆ 60,000 ಬಡ್ಡಿ, ಹದಿನಾರರ ಸಾಲಕ್ಕೆ 53,130. ನೆರೆಯವರು ಕ್ಯಾಲ್ಕುಲೇಟರ್ ಇಸಿದುಕೊಂಡು ಇನ್ನೊಮ್ಮೆ ಒತ್ತಿ ನೋಡಿದರು.

ಇದು ಯಾಕೆ ಹೀಗೆ ಎಂದು ಗೊತ್ತಾಗಬೇಕಾದರೆ ಕೊನೆಯ ಕಂತನ್ನು ಬಿಡಿಸಿ ನೋಡಬೇಕು. ಫ್ಲಾಟ್ ಸಾಲದ ಪ್ರತಿ ಕಂತಿನಲ್ಲೂ 5,556 ಅಸಲು, 1,667 ಬಡ್ಡಿ. 36ನೇ ತಿಂಗಳಿಗೆ ಬರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿದಿರುವ ಅವರ ದುಡ್ಡು ಬರೀ 5,556. ಅದಕ್ಕೂ ಆ ತಿಂಗಳು 1,667 ಬಡ್ಡಿ ಕಟ್ಟುತ್ತೀರಿ. ಒಂದೇ ತಿಂಗಳಿಗೆ ನೂರಕ್ಕೆ 30 ಆಯಿತು! ನಮ್ಮಲ್ಲಿ ‘ನೂರಕ್ಕೆ ಐದರ ಬಡ್ಡಿ’ ಎಂದರೆ ಬೆಚ್ಚಿಬೀಳುವವರೂ ಈ ಕಂತನ್ನು ಸುಮ್ನೆ ಕಟ್ಟುತ್ತಾರೆ.

ಬ್ಯಾಂಕಿನ ಸಾಲದಲ್ಲಿ ಮೊದಲ ತಿಂಗಳ ಬಡ್ಡಿ 2,667. ನಿಜ, ಇದು ಏಜೆಂಟ್ ಲೆಕ್ಕಕ್ಕಿಂತ ಜಾಸ್ತಿ. ಆದರೆ ಕೊನೆಯ ಕಂತಿನಲ್ಲಿ ಬಡ್ಡಿಯ ಪಾಲು ಸುಮಾರು 92 ರೂಪಾಯಿ ಮಾತ್ರ.

ಫ್ಲಾಟ್ ದರವನ್ನು ನಿಜವಾದ ದರಕ್ಕೆ ತಿರುಗಿಸುವುದು

ಅಂಗಡಿಯಲ್ಲಿ ನಿಂತಲ್ಲೇ ಅಂದಾಜು ಬೇಕಾದರೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ. ಹತ್ತು ಎಂದರೆ ಹದಿನೆಂಟರ ಹತ್ತಿರ. ಒಂದರಿಂದ ಮೂರು ವರ್ಷದ ಸಾಲಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಐದು ವರ್ಷದ ಸಾಲಕ್ಕೆ, ಅಥವಾ ಫ್ಲಾಟ್ ದರವೇ 15ರ ಆಸುಪಾಸು ಇದ್ದರೆ, 1.7 ಹಿಡಿಯಿರಿ.

ಸರಿಯಾದ ಲೆಕ್ಕಕ್ಕೆ ಮೊಬೈಲಿನಲ್ಲಿ ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಇದ್ದರೆ ಸಾಕು. ಒಂದು ಖಾಲಿ ಚೌಕದಲ್ಲಿ ಹೀಗೆ ಟೈಪ್ ಮಾಡಿ:

```
=RATE(36,-7222,200000)*12
```

ಮೊದಲನೆಯದು ಕಂತುಗಳ ಸಂಖ್ಯೆ, ಎರಡನೆಯದು ಕಂತು, ಮೂರನೆಯದು ಸಾಲ. ಕಂತಿನ ಎಡಕ್ಕೆ ಮೈನಸ್ ಗುರುತು ಇರಲೇಬೇಕು, ಯಾಕೆಂದರೆ ಅದು ನಿಮ್ಮ ಕೈಯಿಂದ ಹೋಗುವ ದುಡ್ಡು. ಮರೆತರೆ ಉತ್ತರದ ಬದಲು ದೋಷ ತೋರಿಸುತ್ತದೆ. ಸಂಖ್ಯೆಯ ಒಳಗೆ ಅಲ್ಪವಿರಾಮ ಹಾಕಬೇಡಿ.

ಉತ್ತರ 0.179 ಎಂದು, ಅಥವಾ ಶೇಕಡಾ ರೂಪದಲ್ಲಿ 18%ರ ಹತ್ತಿರ ಬರುತ್ತದೆ, ಅಂದರೆ ಶೇ 17.9. ಬ್ಯಾಂಕಿನ 16ರ ಪಕ್ಕ ಇಡಬೇಕಾದ ಸಂಖ್ಯೆ ಇದು. ಚೀಟಿಯಲ್ಲಿದ್ದ 10 ಅಲ್ಲ.

ಕೈಗೆ ಬಂದ ದುಡ್ಡು ಎಷ್ಟು?

ಬಹಳ ಜನ ಎಡವುವುದು ಇಲ್ಲಿ. ಸಾಲ ಎರಡು ಲಕ್ಷ ಎಂದರೂ ಖಾತೆಗೆ ಎರಡು ಲಕ್ಷ ಬರುವುದಿಲ್ಲ. ಏಜೆಂಟ್ ಕಡೆ ಶೇ 2 ಪ್ರೊಸೆಸಿಂಗ್ ಶುಲ್ಕ 4,000, ಅದರ ಮೇಲೆ ಶೇ 18 ಜಿಎಸ್‌ಟಿ 720. ಜತೆಗೆ ಸಾಲಕ್ಕೆ ವಿಮೆ ಎಂದು 3,280. ಎಲ್ಲ ಕಳೆದು ನೆರೆಯವರ ಖಾತೆಗೆ ಬರುತ್ತಿದ್ದದ್ದು 1,92,000. ಆದರೆ ಕಂತು 7,222ರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಹಾಗಾಗಿ ಸೂತ್ರದಲ್ಲಿ ಸಾಲದ ಜಾಗಕ್ಕೆ ಕೈಗೆ ಬಂದ ಹಣವನ್ನೇ ಹಾಕಿ:

```
=RATE(36,-7222,192000)*12
```

ಈಗ ಬರುವುದು 0.209. ಹತ್ತರಿಂದ ಶುರುವಾದದ್ದು ಸುಮಾರು 21ಕ್ಕೆ ಬಂದು ನಿಂತಿತು. ಬ್ಯಾಂಕಿನ ಸಾಲಕ್ಕೂ ಇದೇ ನ್ಯಾಯ ಬೇಕಲ್ಲ? ಅಲ್ಲಿ ಶುಲ್ಕ ಶೇ 1, ಜಿಎಸ್‌ಟಿ ಸೇರಿ 2,360. ಕೈಗೆ 1,97,640. ಅದನ್ನು 7,031ರ ಕಂತಿನ ಜತೆ ಹಾಕಿದರೆ ಶೇ 16.8. ಹೋಲಿಸಬೇಕಾದದ್ದು 21 ಮತ್ತು 16.8.

ಕೈಯಾರೆ ಲೆಕ್ಕ ಮಾಡದೆಯೂ ಈ ಸಂಖ್ಯೆ ಸಿಗುವ ಜಾಗ ಒಂದಿದೆ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅದೇ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಹೊಸ ವೈಯಕ್ತಿಕ ಸಾಲಕ್ಕೆ ಕೆಎಫ್‌ಎಸ್ ಎಂಬ ಹಾಳೆ ಕೊಡಲೇಬೇಕು. ಸಾಲದ ಮುಖ್ಯ ಅಂಶಗಳ ಪಟ್ಟಿ ಅದು. ಅದರಲ್ಲಿ ಎಪಿಆರ್ ಎಂಬ ಸಾಲನ್ನು ಹುಡುಕಿ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಅವರ ಮೂಲಕ ವಸೂಲಾಗುವ ವಿಮೆಯ ಹಣ ಎಲ್ಲ ಸೇರಿದ ವಾರ್ಷಿಕ ದರ ಅಲ್ಲಿರುತ್ತದೆ. ನಿಮಗೆ ಅರ್ಥವಾಗುವ ಭಾಷೆಯಲ್ಲೇ ಆ ಹಾಳೆ ಇರಬೇಕು. ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಿಗಬೇಕು. ‘ಇವತ್ತೇ ಸಹಿ ಹಾಕದಿದ್ದರೆ ಆಫರ್ ಹೋಗುತ್ತದೆ’ ಎಂದರೆ ಈ ಮೂರು ದಿನದ ಮಾತು ಎತ್ತಿ.

ಒಂದು ಮಿತಿ ಇದೆ. ನಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು, ಸೌಹಾರ್ದ ಪತ್ತಿನ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಈ ನಿಯಮದ ಒಳಗೆ ಬರುವುದಿಲ್ಲ. ಕೈಸಾಲ ಕೊಡುವವರಂತೂ ಇಲ್ಲವೇ ಇಲ್ಲ. ಅಲ್ಲೆಲ್ಲ ಮೇಲಿನ ಸೂತ್ರವೇ ಗತಿ. ಕೈಗೆ ಬರುವ ಹಣ, ಕಂತು, ಎಷ್ಟು ಕಂತು ಎಂಬ ಮೂರು ಸಂಖ್ಯೆ ಕೇಳಿಕೊಂಡು ಬನ್ನಿ, ಸಾಕು.

ಕಂತು ಇಳಿಸಿಕೊಡುತ್ತೇವೆ ಎಂದಾಗ

ನೆರೆಯವರು ಹಿಂದೆ ಸರಿಯುತ್ತಿರುವುದು ಕಂಡು ಏಜೆಂಟ್ ಮತ್ತೆ ಫೋನ್ ಮಾಡಿದ. ಕಂತು ಭಾರ ಆದರೆ 5,833ಕ್ಕೆ ಇಳಿಸುತ್ತೇನೆ ಎಂದ. ಬ್ಯಾಂಕಿನದಕ್ಕಿಂತ ಸಾವಿರಕ್ಕೂ ಮಿಕ್ಕಿ ಕಡಿಮೆ! ಇಳಿದದ್ದು ಬಡ್ಡಿಯಲ್ಲ, ಬೆಳೆದದ್ದು ಅವಧಿ. ಮೂರು ವರ್ಷ ನಾಲ್ಕಾಗಿತ್ತು. ಬಡ್ಡಿ 60,000 ಇದ್ದದ್ದು 80,000 ಆಗಿತ್ತು. ಎರಡು ಸಾಲಗಳನ್ನು ಹೋಲಿಸುವಾಗ ಅವಧಿ ಒಂದೇ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಕಂತು ಏನನ್ನೂ ಹೇಳುವುದಿಲ್ಲ.

ಕಾಫಿ ದುಡ್ಡು ಬಂದಾಗ ಏನಾಗುತ್ತದೆ?

ತೋಟದವರಿಗೆ ನನ್ನ ಪ್ರಕಾರ ಬಡ್ಡಿ ದರಕ್ಕಿಂತ ದೊಡ್ಡ ವಿಷಯ ಇದು. ಸಂಬಳದವರಿಗೆ ತಿಂಗಳು ತಿಂಗಳು ದುಡ್ಡು. ನಮಗೆ ಕಾಫಿ ಕೊಯ್ದು, ಒಣಗಿಸಿ, ಮಾರಿದ ಮೇಲೆ ಒಂದು ಸಲ. ಆಗ ಸಾಲಕ್ಕೆ ಒಂದಿಷ್ಟು ಹಾಕೋಣ ಅನಿಸುವುದು ಸಹಜ.

ನೆರೆಯವರು ಮೇ ತಿಂಗಳಲ್ಲಿ ಬ್ಯಾಂಕಿನ ಸಾಲ ತೆಗೆದರು ಎಂದುಕೊಳ್ಳಿ. ಜೂನ್‌ನಿಂದ ಕಂತು ಶುರು, ಒಂಬತ್ತನೆಯದು ಫೆಬ್ರವರಿಯಲ್ಲಿ. ಆಗ ಬಾಕಿ ಸುಮಾರು 1,58,560. ಅದರ ಬೆನ್ನಲ್ಲೇ ಕಾಫಿ ದುಡ್ಡಿನಿಂದ 50,000 ಕಟ್ಟಿದರೆ ಬಾಕಿ 1,08,560ಕ್ಕೆ ಇಳಿಯುತ್ತದೆ. ಕಂತು ಅದೇ 7,031 ಇಟ್ಟುಕೊಂಡರೆ 27 ಕಂತು ಉಳಿದಿದ್ದದ್ದು 18ಕ್ಕೆ ಮುಗಿಯುತ್ತದೆ, ಅದರಲ್ಲೂ ಕೊನೆಯದು ಮೂರು ಸಾವಿರದ ಒಳಗೆ. ಬಡ್ಡಿಯಲ್ಲಿ ಉಳಿಯುವುದು ಸುಮಾರು 17,500 ರೂಪಾಯಿ.

ಇಲ್ಲೊಂದು ಎಚ್ಚರ. 50,000 ಕಟ್ಟಿದ ಮೇಲೆ ಅವಧಿ ಹಾಗೇ ಇಟ್ಟು ಕಂತನ್ನು ಇಳಿಸುವ ಪದ್ಧತಿಯೂ ಇದೆ. ಹಾಗೆ ಮಾಡಿದರೆ ಉಳಿತಾಯ ಕಡಿಮೆ. ‘ಕಂತು ಇರಲಿ, ಅವಧಿ ಇಳಿಸಿ’ ಎಂದು ಬರೆದುಕೊಡಿ.

ಇದೇ 50,000ವನ್ನು ಫ್ಲಾಟ್ ಸಾಲಕ್ಕೆ ಕಟ್ಟಿದರೆ? ಬಡ್ಡಿ 60,000 ಎಂದು ಮೊದಲ ದಿನವೇ ಗಂಟು ಹಾಕಿ ಇಟ್ಟಾಗಿದೆ. ಅವರು ಅದನ್ನು ಬಿಚ್ಚಲು ಒಪ್ಪದಿದ್ದರೆ ನೀವು ಮುಂದಿನ ಕಂತುಗಳನ್ನು ಮೊದಲೇ ಕಟ್ಟಿದ ಹಾಗೆ ಆಯಿತು, ಅಷ್ಟೇ. ಒಂದು ರೂಪಾಯಿಯೂ ಉಳಿಯುವುದಿಲ್ಲ. ಎಲ್ಲರೂ ಹೀಗೆ ಮಾಡುವುದಿಲ್ಲ, ಮಧ್ಯದಲ್ಲಿ ಕಟ್ಟಿದರೆ ಬಡ್ಡಿ ಬಿಡುವವರೂ ಇದ್ದಾರೆ. ಅದು ಒಪ್ಪಂದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ.

ಹಾಗಾಗಿ ಸಹಿಗೆ ಮುಂಚೆ ಎರಡು ಮಾತು ಕಾಗದದಲ್ಲಿ ತೆಗೆದುಕೊಳ್ಳಿ. ಭಾಗಶಃ ಕಟ್ಟಲು ಶುಲ್ಕ ಎಷ್ಟು? 12ನೇ ಕಂತು ಕಟ್ಟಿದ ಮರುದಿನ ಸಾಲ ಮುಗಿಸಬೇಕಾದರೆ ಎಷ್ಟು ಕೊಡಬೇಕು? ಬ್ಯಾಂಕಿನ ಲೆಕ್ಕದಲ್ಲಿ ಎರಡನೆಯದಕ್ಕೆ ಉತ್ತರ ಸುಮಾರು 1,43,600, ಮೇಲೆ ಶುಲ್ಕವಿದ್ದರೆ ಅದು. ಏಜೆಂಟ್‌ಗೂ ಇದೇ ಪ್ರಶ್ನೆ ಕೇಳಿಸಿದೆವು. ‘ಉಳಿದ 24 ಕಂತು’ ಎಂದ. ಅಂದರೆ 1,73,333.

ನೆರೆಯವರು ಮಾರನೇ ದಿನ ಬೆಳಿಗ್ಗೆ ಮಡಿಕೇರಿ ಬಸ್ಸು ಹತ್ತಿದರು.