ಇ-ವೇ ಬಿಲ್ ಮೊತ್ತವೂ ಇನ್‌ವಾಯ್ಸ್ ಮೊತ್ತವೂ ತಾಳೆ ಆಗುವಂತೆ ಮಾಡುವುದು ಹೇಗೆ?

ತುಮಕೂರಿನ ಅಂತರಸನಹಳ್ಳಿಯಿಂದ ಒಂದು ಲೋಡ್ ಕಬ್ಬಿಣದ ಪೈಪ್ ಕೊರಟಗೆರೆ, ಮಧುಗಿರಿ ದಾಟಿ ಹಿಂದೂಪುರಕ್ಕೆ ಹೊರಟಿದೆ ಅಂದುಕೊಳ್ಳಿ. ದಾರಿಯಲ್ಲಿ ತೆರಿಗೆ ಇಲಾಖೆಯ ಜಾರಿ ದಳದವರು ಲಾರಿ ನಿಲ್ಲಿಸುತ್ತಾರೆ. ಡ್ರೈವರ್ ಎರಡು ಹಾಳೆ ಕೊಡುತ್ತಾನೆ. ಇನ್‌ವಾಯ್ಸ್‌ನಲ್ಲಿ 1,07,946 ರೂಪಾಯಿ ಇದೆ, ಇ-ವೇ ಬಿಲ್‌ನಲ್ಲಿ 91,480 ಇದೆ. ಸರಕು ಸರಿಯಾಗಿದೆ, ಗಾಡಿ ನಂಬರ್ ಸರಿಯಾಗಿದೆ, ತೆರಿಗೆ ಕದಿಯುವ ಉದ್ದೇಶವೂ ಯಾರಿಗೂ ಇಲ್ಲ. ಆದರೂ ಅಂಗಡಿಗೆ ಫೋನ್ ಬರುತ್ತದೆ: "ಸಾರ್, ಬಿಲ್ಲಲ್ಲೊಂದು ಅಮೌಂಟು, ಇ-ವೇ ಬಿಲ್ಲಲ್ಲೊಂದು ಅಮೌಂಟು ಇದೆ ಅಂತಿದ್ದಾರೆ. ಗಾಡಿ ಸೈಡಿಗೆ ಹಾಕ್ಸಿದ್ದಾರೆ, ನೀವೇ ಮಾತಾಡಿ."

ಇಲ್ಲಿ ಆಗಿರುವುದು ಒಂದೇ ತಪ್ಪು. ಇ-ವೇ ಬಿಲ್ ಮಾಡಿದವರು ತೆರಿಗೆ ಸೇರಿಸದ ಮೊತ್ತ ಹಾಕಿದ್ದಾರೆ. ಸಣ್ಣ ಅಂಗಡಿಗಳಲ್ಲಿ ಇದು ತುಂಬಾ ಸಾಮಾನ್ಯ. ಇ-ಇನ್‌ವಾಯ್ಸ್ ಮಾಡುವವರಿಗೆ, ಅಂದರೆ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ, ಅಂಕಿಗಳು ಅಲ್ಲಿಂದಲೇ ಇಳಿದು ಬರುವುದರಿಂದ ಈ ತೊಂದರೆ ಕಡಿಮೆ. ಕೈಯಲ್ಲಿ ಟೈಪ್ ಮಾಡುವವರೇ ಜಾಸ್ತಿ ಸಿಕ್ಕಿಬೀಳುವುದು. ಈ ಲೇಖನ ಅವರಿಗಾಗಿ.

ಯಾವ ಮೊತ್ತ ಹಾಕಬೇಕು?

ಜಿಎಸ್‌ಟಿ ನಿಯಮ 138ರಲ್ಲಿ ಇದಕ್ಕೆ ನೇರ ಉತ್ತರ ಇದೆ. ಸರಕಿನ ಮೌಲ್ಯ ಅಂದರೆ ಇನ್‌ವಾಯ್ಸ್‌ನಲ್ಲಿ ತೋರಿಸಿದ ಮೌಲ್ಯ, ಅದರಲ್ಲೇ ಹಾಕಿರುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಥವಾ ಐಜಿಎಸ್‌ಟಿ, ಸೆಸ್ ಇದ್ದರೆ ಅದೂ ಸೇರಿ. ಒಂದೇ ಬಿಲ್‌ನಲ್ಲಿ ತೆರಿಗೆ ಇಲ್ಲದ ಸರಕೂ ಇದ್ದರೆ ಅದರ ಬೆಲೆಯನ್ನು ಮಾತ್ರ ಈ ಲೆಕ್ಕದಿಂದ ಬಿಡಬೇಕು.

ಇ-ವೇ ಬಿಲ್ ಬೇಕೋ ಬೇಡವೋ ಅನ್ನುವ 50,000 ರೂಪಾಯಿ ಮಿತಿಯನ್ನು ನೋಡುವುದೂ ಈ ಒಟ್ಟು ಮೊತ್ತದ ಮೇಲೆಯೇ. 48,000 ರೂಪಾಯಿ ಮಾಲು, 18% ತೆರಿಗೆ ಅಂದರೆ ಒಟ್ಟು 56,640. "ನಮ್ಮದು ಐವತ್ತರ ಒಳಗೆ ಇದೆ" ಅಂತ ಇ-ವೇ ಬಿಲ್ ಇಲ್ಲದೇ ಕಳಿಸಿದರೆ ಅದು ಇನ್ನೂ ದೊಡ್ಡ ತಪ್ಪು.

ಮೊದಲು ತೂಕ, ಆಮೇಲೆ ಬಿಲ್, ಆಮೇಲೆ ಇ-ವೇ ಬಿಲ್

ತೂಕದ ಮೇಲೆ ಮಾರುವ ಸರಕಿನಲ್ಲಿ ಎಡವಟ್ಟು ಶುರುವಾಗುವುದು ಇಲ್ಲೇ. ಲಾರಿ ಬೆಳಗ್ಗೆ ಬೇಗ ಹೊರಡಬೇಕು ಅಂತ ಹಿಂದಿನ ರಾತ್ರಿಯೇ ಅಂದಾಜು ತೂಕದ ಮೇಲೆ ಇ-ವೇ ಬಿಲ್ ಮಾಡಿ ಇಡುತ್ತಾರೆ, ಬೆಳಗ್ಗೆ ವೇಬ್ರಿಡ್ಜ್‌ನಲ್ಲಿ ಬೇರೆ ತೂಕ ಬರುತ್ತದೆ, ಇನ್‌ವಾಯ್ಸ್ ತಿದ್ದುತ್ತಾರೆ, ಇ-ವೇ ಬಿಲ್ ಹಾಗೇ ಉಳಿದುಬಿಡುತ್ತದೆ. ಆದ್ದರಿಂದ ಲೋಡ್ ಆಗಿ, ತೂಕದ ಚೀಟಿ ಕೈಗೆ ಬಂದ ಮೇಲೆಯೇ ಇನ್‌ವಾಯ್ಸ್ ಮಾಡಿ. ಇನ್‌ವಾಯ್ಸ್ ಪ್ರಿಂಟ್ ಆಗುವವರೆಗೆ ಇ-ವೇ ಬಿಲ್ ಮುಟ್ಟಬೇಡಿ.

ನಮ್ಮ ಹಿಂದೂಪುರದ ಲೋಡ್ ಅನ್ನೇ ತೆಗೆದುಕೊಳ್ಳೋಣ. ಪೈಪ್ ತೂಗಿದ್ದು 1,248 ಕೆಜಿ. ಕೆಜಿಗೆ 72.50 ರೂಪಾಯಿಯಂತೆ 90,480. ಹಳೇ ಗಿರಾಕಿ ಅಂತ ಬಿಲ್‌ನಲ್ಲೇ 2,000 ಡಿಸ್ಕೌಂಟ್ ಕೊಟ್ಟಿದ್ದಾರೆ, ಉಳಿದದ್ದು 88,480. ಲಾರಿ ಬಾಡಿಗೆ 3,000 ರೂಪಾಯಿಯನ್ನು ಅಂಗಡಿಯವರೇ ಬಿಲ್‌ಗೆ ಸೇರಿಸಿ ವಸೂಲಿ ಮಾಡುತ್ತಿದ್ದಾರೆ. ಹಾಗೆ ವಸೂಲಿ ಮಾಡಿದರೆ ಅದೂ ಮೌಲ್ಯದ ಭಾಗವೇ, ಅದರ ಮೇಲೂ ಪೈಪ್‌ನ ದರದಲ್ಲೇ ತೆರಿಗೆ ಬೀಳುತ್ತದೆ. ಹಾಗಾಗಿ ತೆರಿಗೆ ಲೆಕ್ಕ ಹಾಕಬೇಕಾದ ಮೊತ್ತ 91,480. ಆಂಧ್ರಕ್ಕೆ ಹೋಗುವುದರಿಂದ ಐಜಿಎಸ್‌ಟಿ, 18%ರಂತೆ 16,466.40. ಎಲ್ಲ ಸೇರಿ 1,07,946.40. ನಲವತ್ತು ಪೈಸೆ ಬಿಟ್ಟು ಇನ್‌ವಾಯ್ಸ್ 1,07,946ಕ್ಕೆ ನಿಂತಿದೆ.

ಈಗ ಪೋರ್ಟಲ್ ತೆರೆಯಿರಿ

ewaybillgst.gov.in ಗೆ ಲಾಗಿನ್ ಆಗಿ ಹೊಸ ಇ-ವೇ ಬಿಲ್ ತೆಗೆಯಿರಿ. ಲಾಗಿನ್‌ಗೆ ಈಗ ಒಟಿಪಿ ಬೇಕೇ ಬೇಕು, ಒಟಿಪಿ ಬರುವ ಫೋನ್ ಯಾರ ಹತ್ತಿರ ಇದೆ ಅಂತ ಮುಂಚೆಯೇ ನೋಡಿಕೊಳ್ಳಿ. ಇನ್‌ವಾಯ್ಸ್ ನಂಬರನ್ನು ಅದರಲ್ಲಿ ಇದ್ದ ಹಾಗೇ ಹಾಕಿ, ಗೆರೆ, ಸೊನ್ನೆ ಬಿಡದೆ. ತಾರೀಕು, ಎರಡೂ ಕಡೆಯ ಜಿಎಸ್‌ಟಿ ನಂಬರ್, ಪಿನ್‌ಕೋಡ್ ಇವೆಲ್ಲ ಬೇಗ ಆಗುತ್ತವೆ.

ನಿಧಾನ ಮಾಡಬೇಕಾದ್ದು ಸರಕಿನ ಸಾಲಿಗೆ ಬಂದಾಗ. ಎಚ್‌ಎಸ್‌ಎನ್ 7306, ಪ್ರಮಾಣ 1,248, ಯೂನಿಟ್ ಕೆಜಿ. Taxable Value ಅನ್ನುವ ಕಡೆ 91,480 ಹಾಕಿ. ಕಣ್ಣಿಗೆ ಮೊದಲು ಬೀಳುವುದು ತೂಕ ಇಂಟು ರೇಟ್ ಸಾಲಿನ 90,480 ಆದ್ದರಿಂದ ಅದನ್ನೇ ಹಾಕುವವರು ಇದ್ದಾರೆ. ಹಾಗೆ ಹಾಕಿದರೆ ಒಟ್ಟು ಮೊತ್ತ 1,06,766.40 ಬರುತ್ತದೆ, ಇನ್‌ವಾಯ್ಸ್‌ಗಿಂತ ಸುಮಾರು 1,180 ರೂಪಾಯಿ ಕಡಿಮೆ. ಡಿಸ್ಕೌಂಟ್ ಕಳೆದು, ಬಾಡಿಗೆ ಸೇರಿಸಿದ ಮೇಲಿನ ಅಂಕಿಯೇ ಇಲ್ಲಿ ಬೇಕು.

ಪಕ್ಕದಲ್ಲಿ ತೆರಿಗೆ ದರ ಆರಿಸುವ ಜಾಗ ಇದೆ. ಅಲ್ಲಿ ಐಜಿಎಸ್‌ಟಿ 18 ಆರಿಸಿ. ಇದನ್ನು ಸೊನ್ನೆಗೆ ಬಿಟ್ಟರೆ ಒಟ್ಟು ಮೊತ್ತ 91,480 ಅಂತಲೇ ನಿಲ್ಲುತ್ತದೆ. ಮೇಲಿನ ಲಾರಿ ನಿಂತದ್ದು ಇದೊಂದೇ ಕಾರಣಕ್ಕೆ. ದರ ಆರಿಸಿದಾಗ ತೆರಿಗೆ 16,466.40 ಅಂತ ಕೆಳಗೆ ತಾನೇ ಬರುತ್ತದೆ, ಇನ್‌ವಾಯ್ಸ್‌ನ ತೆರಿಗೆ ಸಾಲಿನ ಜೊತೆ ಅದನ್ನು ನೋಡಿಕೊಳ್ಳಿ. Other Amount ಅನ್ನುವ ಕಡೆ -0.40 ಹಾಕಿದರೆ Total Inv. Amount 1,07,946ಕ್ಕೆ ಸರಿಯಾಗಿ ಬರುತ್ತದೆ. ನಲವತ್ತು ಪೈಸೆಗೆ ಯಾರೂ ಲಾರಿ ಹಿಡಿಯುವುದಿಲ್ಲ ಅನ್ನುವುದು ನಿಜ. ಆದರೆ ಎರಡೂ ಹಾಳೆಯಲ್ಲಿ ಒಂದೇ ಅಂಕಿ ಇದ್ದರೆ ನೋಡುವವರು ಮುಂದಿನ ಪ್ರಶ್ನೆಗೆ ಹೋಗುವುದೇ ಇಲ್ಲ, ಅದಕ್ಕೇ ಇಷ್ಟು ಹೇಳುವುದು.

ಗಾಡಿ ನಂಬರ್ ಹಾಕಿ ಬಿಲ್ ತೆಗೆದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ. ಅದರಲ್ಲಿ Value of Goods ಅಂತ ಒಂದು ಸಾಲು ಇರುತ್ತದೆ. ಇನ್‌ವಾಯ್ಸ್ ಪಕ್ಕದಲ್ಲಿಟ್ಟು ಆ ಒಂದು ಸಾಲನ್ನು ಜೋರಾಗಿ ಓದಿ. ಸಾಧ್ಯವಾದರೆ ಟೈಪ್ ಮಾಡಿದವರೇ ಓದುವುದು ಬೇಡ, ಬೇರೆಯವರು ಓದಲಿ. 91,480ರ ಬದಲು 9,148 ಅಂತ ಬಿದ್ದ ತಪ್ಪನ್ನು ಟೈಪ್ ಮಾಡಿದ ಕಣ್ಣು ಸುಲಭವಾಗಿ ಹಿಡಿಯುವುದಿಲ್ಲ. ಲಾರಿ ಆಫೀಸಿನವರೇ ನಿಮ್ಮ ಪರವಾಗಿ ಇ-ವೇ ಬಿಲ್ ಮಾಡುವುದಾದರೆ ಫೋನಿನಲ್ಲಿ ಮೊತ್ತ ಹೇಳಬೇಡಿ, ಇನ್‌ವಾಯ್ಸ್ ಫೋಟೋ ಕಳಿಸಿ.

ತಪ್ಪು ಕಂಡರೆ?

ಒಮ್ಮೆ ಮಾಡಿದ ಇ-ವೇ ಬಿಲ್‌ನಲ್ಲಿ ಮೊತ್ತ ತಿದ್ದಲು ಬರುವುದಿಲ್ಲ. ಗಾಡಿ ಕೆಟ್ಟರೆ ಗಾಡಿ ನಂಬರ್ ಬದಲಿಸಬಹುದು, ಆದರೆ ಬೆಲೆ ಬದಲಿಸಲು ಆಗುವುದಿಲ್ಲ. ದಾರಿ ಒಂದೇ, ರದ್ದು ಮಾಡಿ ಹೊಸದು ಮಾಡುವುದು. ಅದಕ್ಕೆ ಬಿಲ್ ಮಾಡಿದ ಹೊತ್ತಿನಿಂದ 24 ಗಂಟೆ ಟೈಮ್ ಇದೆ. ಆದರೆ ಅಷ್ಟರೊಳಗೆ ದಾರಿಯಲ್ಲಿ ಅಧಿಕಾರಿ ಅದನ್ನು ತಪಾಸಣೆ ಮಾಡಿಬಿಟ್ಟರೆ ರದ್ದು ಮಾಡಲು ಬರುವುದಿಲ್ಲ. ಹಾಗಾಗಿ ಲಾರಿ ಗೇಟು ದಾಟುವ ಮುಂಚೆ ನೋಡುವುದಕ್ಕೆ ಅಷ್ಟು ಬೆಲೆ. ಹೊರಟ ಮೇಲೆ ಗೊತ್ತಾದರೆ ಡ್ರೈವರ್‌ಗೆ ಫೋನ್ ಮಾಡಿ ಗಾಡಿ ನಿಲ್ಲಿಸಿ, ಹಳೆಯದನ್ನು ರದ್ದು ಮಾಡಿ, ಅದೇ ಇನ್‌ವಾಯ್ಸ್ ನಂಬರ್‌ಗೆ ಹೊಸದು ಮಾಡಿ, ಅದರ ಪ್ರತಿ ಅವನ ಮೊಬೈಲ್‌ಗೆ ಮುಟ್ಟಿದ ಮೇಲೆಯೇ ಮುಂದಕ್ಕೆ ಬಿಡಿ. ಹಳೇ ಪ್ರಿಂಟನ್ನು ಹರಿದುಹಾಕಲು ಹೇಳಿ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಅದನ್ನೇ ತೋರಿಸುತ್ತಾನೆ.

ಮೊತ್ತದ ತಪ್ಪನ್ನು ಯಾಕೆ ಇಷ್ಟು ಗಂಭೀರವಾಗಿ ನೋಡುತ್ತಾರೆ?

ಸಣ್ಣಪುಟ್ಟ ತಪ್ಪಿಗೆಲ್ಲ ಲಾರಿ ಹಿಡಿಯಬೇಡಿ ಅಂತ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರ ಸೆಪ್ಟೆಂಬರ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿದೆ, ಸಂಖ್ಯೆ 64. ಜಿಎಸ್‌ಟಿ ನಂಬರ್ ಸರಿ ಇದ್ದು ಹೆಸರಿನ ಕಾಗುಣಿತ ತಪ್ಪಿದ್ದರೆ, ಗಾಡಿ ನಂಬರಿನಲ್ಲಿ ಅಥವಾ ಇನ್‌ವಾಯ್ಸ್ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ, ವಿಳಾಸ ಸರಿ ಇದ್ದು ಪಿನ್‌ಕೋಡ್ ತಪ್ಪಿದ್ದರೆ ಒಟ್ಟು 1,000 ರೂಪಾಯಿ ದಂಡ ಕಟ್ಟಿಸಿಕೊಂಡು ಬಿಡಬೇಕು. ಬಹಳ ವ್ಯಾಪಾರಿಗಳು ಮೊತ್ತದ ತಪ್ಪೂ ಇದರಲ್ಲಿ ಬರುತ್ತದೆ ಅಂದುಕೊಂಡಿದ್ದಾರೆ. ಆ ಪಟ್ಟಿಯಲ್ಲಿ ಮೊತ್ತದ ಮಾತೇ ಇಲ್ಲ.

ಪಟ್ಟಿಯಲ್ಲಿ ಇಲ್ಲದ ತಪ್ಪಿಗೆ ಅಧಿಕಾರಿ ಜಿಎಸ್‌ಟಿ ಕಾಯ್ದೆಯ ಕಲಂ 129 ಹಾಕಿ ಸರಕು, ಲಾರಿ ತಡೆದಿಡಬಹುದು. 2022ರಿಂದ ಮಾಲೀಕರು ಮುಂದೆ ಬಂದು ಸರಕು ಬಿಡಿಸಿಕೊಳ್ಳಬೇಕಾದರೆ ದಂಡ ತೆರಿಗೆಯ ಎರಡರಷ್ಟು. ನಮ್ಮ ಲೋಡ್‌ಗೆ ಅದು 32,932.80 ರೂಪಾಯಿ, ಅದೂ ಐಜಿಎಸ್‌ಟಿಯನ್ನು ಇನ್‌ವಾಯ್ಸ್‌ನಲ್ಲಿ ಪೂರ್ತಿ ಹಾಕಿದ್ದಾಗಲೂ. ಒಂದು ಸಾವಿರಕ್ಕೂ ಮೂವತ್ಮೂರು ಸಾವಿರಕ್ಕೂ ಎಷ್ಟು ಅಂತರ ಅಲ್ವಾ? ಈ ಶಿಕ್ಷೆ ಟೈಪಿಂಗ್ ತಪ್ಪಿಗೆ ಜಾಸ್ತಿಯೇ ಆಯಿತು ಅಂತ ನನಗೆ ಅನ್ನಿಸುತ್ತದೆ, ಮೊತ್ತದ ಸಣ್ಣ ತಪ್ಪನ್ನೂ ಆ ಪಟ್ಟಿಗೆ ಸೇರಿಸಬೇಕಿತ್ತು. ಆದರೆ ಇಲಾಖೆಯ ಅನುಮಾನಕ್ಕೂ ಕಾರಣ ಇದೆ. ಕಡಿಮೆ ಮೊತ್ತದ ಇ-ವೇ ಬಿಲ್ ತೋರಿಸಿ ಸರಕು ದಾಟಿಸಿ, ಆಮೇಲೆ ಲೆಕ್ಕದಲ್ಲಿ ಆ ಕಡಿಮೆ ಮೊತ್ತವನ್ನೇ ಬರೆದುಕೊಳ್ಳುವವರು ಇದ್ದಾರೆ. ಇದು ಬರೀ ಕೈತಪ್ಪೋ, ಆ ಬಗೆಯ ಮೋಸವೋ ಅಂತ ರಸ್ತೆಯಲ್ಲಿ ನಿಂತ ಅಧಿಕಾರಿಗೆ ಹಾಳೆ ನೋಡಿ ಹೇಳಲು ಆಗುವುದಿಲ್ಲ.

ಅಂಥ ಸಂದರ್ಭ ಬಂದೇ ಬಂದರೆ ಸುಮ್ನೆ ಅಲ್ಲೇ ದುಡ್ಡು ಕಟ್ಟಿ ಮುಗಿಸಬೇಡಿ. ಲಾರಿ ತಡೆದರೆ 7 ದಿನದೊಳಗೆ ನೋಟಿಸ್ ಕೊಡಬೇಕು, ಅದಕ್ಕೆ ಉತ್ತರ ಕೊಡಲು ನಿಮಗೆ ಹಕ್ಕಿದೆ. ತೂಕದ ಚೀಟಿ, ಇನ್‌ವಾಯ್ಸ್, ಗಿರಾಕಿಯ ಆರ್ಡರ್, ಅಂಗಡಿಯ ಮಾರಾಟದ ಖಾತೆ ಇಷ್ಟನ್ನೂ ಸೇರಿಸಿ, ತೆರಿಗೆ ಪೂರ್ತಿ ಹಾಕಿರುವುದು ಇನ್‌ವಾಯ್ಸ್‌ನಲ್ಲೇ ಕಾಣುತ್ತದೆ ಅಂತ ಬರೆದುಕೊಡಿ. ತೆರಿಗೆ ಸಲಹೆಗಾರರನ್ನು ಮೊದಲ ದಿನವೇ ಕರೆಸಿ. ಇನ್ನೊಂದು ವಿಷಯವೂ ಗೊತ್ತಿರಲಿ. ಎರಡೂ ಹಾಳೆಯಲ್ಲಿ ಒಂದೇ ಮೊತ್ತ ಇದ್ದು, "ನಿಮ್ಮ ರೇಟೇ ಕಡಿಮೆ ಆಯಿತು" ಅಂತ ಅಧಿಕಾರಿ ಹೇಳಿದರೆ ಅದು ಬೇರೆಯೇ ಜಗಳ. ಅದನ್ನು ಲೆಕ್ಕ ತಪಾಸಣೆಯಲ್ಲಿ ನೋಡಬೇಕೇ ಹೊರತು ಲಾರಿ ಹಿಡಿಯುವುದಕ್ಕೆ ಅದೊಂದೇ ಸಾಲದು ಅಂತ ಹೈಕೋರ್ಟುಗಳು ಹೇಳಿರುವುದುಂಟು.

ದಾರಿಯಲ್ಲಿ ಯಾರೂ ಹಿಡಿಯದಿದ್ದರೂ ಆ ಅಂಕಿ ಅಳಿಸಿಹೋಗುವುದಿಲ್ಲ. ಇ-ವೇ ಬಿಲ್‌ಗಳ ಮೊತ್ತವನ್ನೂ ನೀವು ಹಾಕಿದ ರಿಟರ್ನ್‌ಗಳನ್ನೂ ಇಲಾಖೆ ಕಂಪ್ಯೂಟರಿನಲ್ಲೇ ಹೋಲಿಸುತ್ತದೆ. ಇ-ವೇ ಬಿಲ್ ಮೊತ್ತ ಜಾಸ್ತಿ, ರಿಟರ್ನ್ ಮೊತ್ತ ಕಡಿಮೆ ಇದ್ದರೆ ವಿವರಣೆ ಕೇಳಿ ನೋಟಿಸ್ ಬರಬಹುದು. ಪ್ರತಿ ತಿಂಗಳೂ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ರ ಕೊನೆ ದಿನ ಮುಂದಿನ ತಿಂಗಳ 11. ಅದಕ್ಕೂ ಮುಂಚೆ ಪೋರ್ಟಲ್‌ನಿಂದ ಇ-ವೇ ಬಿಲ್‌ಗಳ ಪಟ್ಟಿ ಇಳಿಸಿಕೊಂಡು ಇನ್‌ವಾಯ್ಸ್ ನಂಬರಿನ ಪ್ರಕಾರ ಜೋಡಿಸಿ, ಮೊತ್ತ ಬೇರೆ ಇರುವ ಸಾಲಿನ ಪಕ್ಕ ಕಾರಣ ಬರೆದಿಡಿ. ಇಳಿಸಿಕೊಂಡ ಪಟ್ಟಿಯಲ್ಲಿ ರದ್ದಾದ ಬಿಲ್‌ಗಳೂ ಇದ್ದರೆ ಮೊದಲು ಅವನ್ನು ತೆಗೆಯಿರಿ, ಇಲ್ಲದಿದ್ದರೆ ಒಂದೇ ಇನ್‌ವಾಯ್ಸ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ.