ವಾಷಿಂಗ್ ಮಷಿನ್ ಹಾಕಿದರೆ ಟ್ರಿಪ್ ಆಗ್ತಿದೆಯಾ? ಬಿದ್ದಿದ್ದು ಯಾವ ಸ್ವಿಚ್ ಅಂತ ಮೊದಲು ನೋಡಿ

ಮಷಿನ್ ಹಾಕಿದಾಗ ಕರೆಂಟ್ ಹೋದರೆ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಕೇಳುವ ಮಾತು ಒಂದೇ: ‘ಲೋಡ್ ಜಾಸ್ತಿ ಆಗಿದೆ, ದೊಡ್ಡ ಎಂಸಿಬಿ ಹಾಕಿಸಿ.’ 16 ಆಂಪ್‌ದು ತೆಗೆದು 32 ಆಂಪ್‌ದು ಕೂರಿಸಿ ಹೋಗುವವರೂ ಇದ್ದಾರೆ. ಹಾಗೆ ಮಾಡಿಸಲೇಬೇಡಿ. ಎಂಸಿಬಿ ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಅದು ಇರುವುದು ಮಷಿನ್ ಕಾಯಲು ಅಲ್ಲ, ಗೋಡೆಯೊಳಗಿನ ತಂತಿ ಕಾಯಲು. ಪವರ್ ಪಾಯಿಂಟ್‌ಗೆ ಸಾಮಾನ್ಯವಾಗಿ ಎಳೆದಿರುವುದು 2.5 ಚದರ ಮಿಲಿಮೀಟರ್ ತಂತಿ. 32 ಆಂಪ್‌ನ ಎಂಸಿಬಿ ಬೀಳುವಷ್ಟರಲ್ಲಿ ಆ ತಂತಿ ಬಿಸಿಯಾಗಿ ಅದರ ಮೇಲಿನ ಪ್ಲಾಸ್ಟಿಕ್ ಕರಗಿರಬಹುದು.

1. ಈ ಸ್ವಿಚ್‌ಗಳಿರುವ ಪೆಟ್ಟಿಗೆ, ಅಂದರೆ ಡಿಬಿ, ಬಾಗಿಲು ತೆಗೆದು ನೋಡಿ

ಬಿದ್ದ ಸ್ವಿಚ್ಚನ್ನು ಅವಸರದಲ್ಲಿ ಮೇಲೆತ್ತಬೇಡಿ. ಯಾವುದು ಬಿದ್ದಿದೆ ಅಂತ ಮೊದಲು ಗುರುತಿಸಿ. ಸಣ್ಣಗೆ ಸಾಲಾಗಿರುವವು ಎಂಸಿಬಿಗಳು. ಅವುಗಳ ಎರಡರಷ್ಟು ಅಗಲ ಇದ್ದು, ಪಕ್ಕದಲ್ಲಿ ಪುಟ್ಟ ಟೆಸ್ಟ್ ಗುಂಡಿ ಇರುವುದು ಆರ್‌ಸಿಸಿಬಿ. ಹಳಬರು ಇದನ್ನೇ ಇಎಲ್‌ಸಿಬಿ ಅನ್ನುತ್ತಾರೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಮೇಲೆ ಸಾಮಾನ್ಯವಾಗಿ 30 ಮಿಲಿಆಂಪ್ ಅಂತ ಬರೆದಿರುತ್ತದೆ.

ಇವೆರಡರ ಕೆಲಸ ಬೇರೆ ಬೇರೆ. ಕರೆಂಟ್ ತೀರಾ ಜಾಸ್ತಿ ಹರಿದರೆ, ಇಲ್ಲವೇ ಫೇಸ್, ನ್ಯೂಟ್ರಲ್ ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ಹೋದ ಕರೆಂಟ್ ಪೂರ್ತಿ ವಾಪಸ್ ಬರದೆ ಸ್ವಲ್ಪ ಅರ್ತ್‌ಗೆ ಸೋರಿದರೆ ಆರ್‌ಸಿಸಿಬಿ ಬೀಳುತ್ತದೆ. ಮನೆ ವೈರಿಂಗ್ ಸರಿಯಿದ್ದರೆ ಎಷ್ಟೇ ಲೋಡ್ ಹಾಕಿದರೂ ಆರ್‌ಸಿಸಿಬಿಗೆ ಅದರ ಗೊಡವೆಯಿಲ್ಲ. ಅದು ಬಿದ್ದಿದ್ದರೆ ಓವರ್‌ಲೋಡ್ ಮಾತು ಅಲ್ಲಿಗೆ ಬಿಡಿ, ತೇವ, ಇನ್ಸುಲೇಷನ್, ಇಲ್ಲವೇ ಮನೆ ವೈರಿಂಗ್ ಕಡೆ ನೋಡಿ.

2. ಎಷ್ಟು ಹೊತ್ತಿಗೆ ಬಿತ್ತು?

ಎಲ್ಲರೂ ಎಡವುವುದು ಇಲ್ಲೇ. ‘ಮಷಿನ್ ಹಾಕಿದ ತಕ್ಷಣ ಬೀಳುತ್ತೆ’ ಅನ್ನುತ್ತಾರೆ. ಪಕ್ಕದಲ್ಲಿ ನಿಂತು ನೋಡಿದರೆ ಆ ‘ತಕ್ಷಣ’ ಎಷ್ಟೋ ಸಲ ಆರೇಳು ನಿಮಿಷ ಆಗಿರುತ್ತದೆ. ಆದ್ದರಿಂದ ಒಂದು ಸಲ ನಿಂತು ನೋಡಿ. ನೆಲ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ, ಮಷಿನ್ ಮುಟ್ಟಿಕೊಂಡು ನಿಲ್ಲಬೇಡಿ.

ಪ್ಲಗ್ ಹಾಕಿ ಸ್ವಿಚ್ ಒತ್ತಿದ ಕ್ಷಣವೇ ಬಿದ್ದರೆ ಪ್ಲಗ್, ಸಾಕೆಟ್, ವೈರ್ ಅಥವಾ ಮಷಿನ್ ಒಳಗೆ ಕರೆಂಟ್ ಮೊದಲು ಹೋಗುವ ಫಿಲ್ಟರ್ ಮೇಲೆ ಅನುಮಾನ. ಯುಟಿಲಿಟಿಯಲ್ಲಿ ಮಳೆ ಎರಚಲು ಹೊಡೆಯುವ ಕಡೆ ಮಷಿನ್ ಇದ್ದರಂತೂ ಸಾಕೆಟ್ಟೇ ಮೊದಲ ಆರೋಪಿ. ಇಲಿ ಕಡಿದ ವೈರ್ ಕೂಡ ಹೀಗೇ ಮಾಡುತ್ತದೆ. ಅಡಿಭಾಗ ತೆರೆದಿರುವ ಮಷಿನ್‌ಗಳಲ್ಲಿ ಇದು ತುಂಬಾ ಮಾಮೂಲಿ.

ನೀರು ತುಂಬಿಕೊಂಡು, ಡ್ರಮ್ ಒಂದೆರಡು ಸುತ್ತು ತಿರುಗಿ, ಆಮೇಲೆ ಬಿದ್ದರೆ ಹೀಟರ್. ಫ್ರಂಟ್ ಲೋಡ್ ಮಷಿನ್ ಶುರುವಾದಾಗ ಮೊದಲು ಪಂಪ್ ಸ್ವಲ್ಪ ಓಡುತ್ತದೆ, ಬಾಗಿಲು ಲಾಕ್ ಆಗುತ್ತದೆ, ನೀರು ಬರುತ್ತದೆ. ನೀರು ಮಟ್ಟಕ್ಕೆ ಬಂದ ಮೇಲೇ ಹೀಟರ್ ಆನ್ ಆಗುವುದು. ನೀರು ಹೊರಹಾಕುವಾಗ ಬಿದ್ದರೆ ಪಂಪ್. ಜೋರಾಗಿ ಹಿಂಡುವಾಗ ಬಿದ್ದರೆ ಮೋಟರ್, ಇಲ್ಲವೇ ಅಲುಗಾಟಕ್ಕೆ ಉಜ್ಜಿ ಸವೆದ ವೈರ್.

ಹೀಟರ್ ಅನುಮಾನ ಪರೀಕ್ಷಿಸಲು ದುಡ್ಡು ಬೇಡ. ತಣ್ಣೀರಿನ ಪ್ರೋಗ್ರಾಂ ಹಾಕಿ ಓಡಿಸಿ. ಟ್ರಿಪ್ ಆಗದಿದ್ದರೆ ಕಳ್ಳ ಬಹುಪಾಲು ಹೀಟರೇ. ಆದರೆ ತಣ್ಣೀರಲ್ಲೂ ಬಿತ್ತು ಅಂದಮಾತ್ರಕ್ಕೆ ಹೀಟರ್ ನಿರ್ದೋಷಿ ಅನ್ನುವಂತಿಲ್ಲ. ಹಲವು ಮಷಿನ್‌ಗಳಲ್ಲಿ ರಿಲೇ ಅನ್ನುವ ಒಳಗಿನ ಸ್ವಿಚ್ ಹೀಟರ್‌ನ ಒಂದು ವೈರ್ ಮಾತ್ರ ಕತ್ತರಿಸುತ್ತದೆ. ಇನ್ನೊಂದು ಯಾವಾಗಲೂ ಲೈನ್‌ಗೆ ಸೇರಿಕೊಂಡೇ ಇರುತ್ತದೆ.

3. ಓವರ್‌ಲೋಡ್ ಹೌದೋ ಅಲ್ವೋ, ಲೆಕ್ಕ ಹಾಕಿ

ಬಿದ್ದಿದ್ದು ಎಂಸಿಬಿ ಆದರೆ ಮಾತ್ರ ಈ ಲೆಕ್ಕ. ಫ್ರಂಟ್ ಲೋಡ್ ಮಷಿನ್‌ನ ಹೀಟರ್ ಸುಮಾರು 2000 ವಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 9 ಆಂಪ್. ಅದೇ ಲೈನ್ ಮೇಲೆ 2000 ವಾಟ್‌ನ ಗೀಸರ್ ಇದ್ದರೆ ಇನ್ನೊಂದು 9. ಇಸ್ತ್ರಿಪೆಟ್ಟಿಗೆ 4. ಒಟ್ಟು 22. 16 ಆಂಪ್‌ನ ಎಂಸಿಬಿ ಇದನ್ನೂ ಸ್ವಲ್ಪ ಹೊತ್ತು ತಡೆದುಕೊಂಡು, ಒಳಗೆ ಬಿಸಿಯಾಗಿ, ಹಲವು ನಿಮಿಷದ ಮೇಲೆ ಬೀಳುತ್ತದೆ. ಓವರ್‌ಲೋಡ್‌ನ ಗುರುತೇ ಈ ನಿಧಾನ. ಮುಟ್ಟಿದರೆ ಆ ಎಂಸಿಬಿ ಬೆಚ್ಚಗಿರುತ್ತದೆ. ಪರಿಹಾರ ಸುಲಭ: ಗೀಸರ್‌ಗೆ ಬೇರೆ ಲೈನ್ ಎಳೆಸಿ, ಅಲ್ಲಿಯವರೆಗೆ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಒತ್ತಿದ ಕ್ಷಣವೇ ‘ಟಪ್’ ಅಂತ ಎಂಸಿಬಿ ಬಿದ್ದರೆ ಅದು ಶಾರ್ಟ್. ಮತ್ತೆ ಮತ್ತೆ ಎತ್ತಿ ನೋಡುವ ಚಟ ಬಿಡಿ.

4. ಮಷಿನ್ ತಪ್ಪೋ, ಮನೆ ವೈರಿಂಗ್ ತಪ್ಪೋ

ಮಷಿನ್ ಪ್ಲಗ್ ಕಿತ್ತು, ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ. ಅದಕ್ಕೂ ಆರ್‌ಸಿಸಿಬಿ ಬಿದ್ದರೆ, ಆ ಪೆಟ್ಟಿಗೆಯನ್ನು ಬೇರೆ ರೂಮಿನಲ್ಲೂ ಹಾಕಿ ನೋಡಿ. ಅಲ್ಲೂ ಬಿದ್ದರೆ ಪೆಟ್ಟಿಗೆಯೇ ಕೆಟ್ಟಿರಬಹುದು. ಪೆಟ್ಟಿಗೆ ಸರಿಯಿದ್ದರೆ ಮನೆಯಲ್ಲಿ ಎಲ್ಲೋ ನ್ಯೂಟ್ರಲ್ ಅರ್ತ್‌ಗೆ ತಾಗಿರಬಹುದು, ಇಲ್ಲವೇ ಯುಪಿಎಸ್ ಹಾಕುವಾಗ ಎರಡು ಲೈನ್‌ಗಳ ನ್ಯೂಟ್ರಲ್ ಬೆರೆಸಿರುತ್ತಾರೆ. ಸಣ್ಣ ಲೋಡ್ ಇದ್ದಾಗ ಇದು ಗೊತ್ತೇ ಆಗುವುದಿಲ್ಲ. ದೊಡ್ಡ ಲೋಡ್ ಬಂದಾಗ ಸ್ವಿಚ್ ಬೀಳುತ್ತದೆ, ಬೈಗುಳ ಮಷಿನ್‌ಗೆ. ಇಂಥ ಮನೆಗಳಲ್ಲಿ ಹೊಸ ಮಷಿನ್ ತಂದರೂ ಟ್ರಿಪ್ ನಿಲ್ಲಲ್ಲ.

ಈ ಪರೀಕ್ಷೆಗೆ ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ದೊಡ್ಡ ಪಿನ್ನಿಂದ ಸಣ್ಣ ಪಿನ್ನಿಗೆ ಬದಲಾಯಿಸುವ ಅಗ್ಗದ ಅಡಾಪ್ಟರ್ ಅಂತೂ ಮನೆಯಲ್ಲೇ ಇಡಬೇಡಿ. ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ, ಕಪ್ಪಾಗಿ ಸುಟ್ಟಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

5. ಹೀಟರ್ ಪರೀಕ್ಷೆ: ಮಲ್ಟಿಮೀಟರ್ ಸಾಲದು

ನಮ್ಮ ಬೀದಿಯ ಒಂದು ಮನೆಯಲ್ಲಿ ಬೋರ್‌ವೆಲ್ ನೀರು. 40 ಡಿಗ್ರಿಗೆ ಹಾಕಿದರೆ ನೀರು ತುಂಬಿದ ಸ್ವಲ್ಪ ಹೊತ್ತಿಗೆ ಆರ್‌ಸಿಸಿಬಿ ಬೀಳುತ್ತಿತ್ತು. ತಣ್ಣೀರಲ್ಲಿ ತಕರಾರಿಲ್ಲ. ಬಂದ ಟೆಕ್ನಿಷಿಯನ್ ಹೀಟರ್‌ನ ಎರಡು ತುದಿಗೆ ಮೀಟರ್ ಹಿಡಿದ, 26 ಓಮ್ ಬಂತು, ‘ಹೀಟರ್ ಚೆನ್ನಾಗಿದೆ, ಮಷಿನ್‌ನ ಬೋರ್ಡ್ ಬದಲಿಸಬೇಕು’ ಅಂದ. 2000 ವಾಟ್ ಹೀಟರ್‌ಗೆ 26 ಓಮ್ ಸರಿಯಾದ ಲೆಕ್ಕವೇ. ಅಂದರೆ ಒಳಗಿನ ಸುರುಳಿ ತುಂಡಾಗಿಲ್ಲ, ಅಷ್ಟೇ. ಸುರುಳಿಯಿಂದ ಹೊರಗಿನ ಲೋಹದ ಕೊಳವೆಗೆ ಸೋರಿಕೆ ಇದೆಯಾ ಅನ್ನುವುದಕ್ಕೆ ಅದು ಉತ್ತರ ಅಲ್ಲ.

ಹೀಟರ್ ಕೊಳವೆಯೊಳಗೆ ಸುರುಳಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಅದು ಒಣಗಿದ್ದರೆ ಒಳ್ಳೆಯ ಇನ್ಸುಲೇಷನ್, ತೇವ ಹೀರಿದರೆ ಕೆಟ್ಟಿತು. ಗಡಸು ನೀರಿನ ಉಪ್ಪು ಕೊಳವೆ ಮೇಲೆ ಗಟ್ಟಿ ಪದರ ಕಟ್ಟಿ, ಕೊಳವೆ ವಿಪರೀತ ಕಾದು, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ನೀರು ಅಲ್ಲಿಂದ ಒಳಗಿಳಿಯುತ್ತದೆ. ಮಲ್ಟಿಮೀಟರ್‌ನ ಸಣ್ಣ ಬ್ಯಾಟರಿಗೆ ಈ ಸೋರಿಕೆ ಕೆಲವೊಮ್ಮೆ ಕಾಣುವುದೇ ಇಲ್ಲ. 500 ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಬೇಕು. ಪ್ಲಗ್ ಕಿತ್ತು, ಹೀಟರ್‌ನ ವೈರ್ ಎರಡನ್ನೂ ಬಿಚ್ಚಿ, ಒಂದು ಟರ್ಮಿನಲ್‌ಗೂ ಕೊಳವೆಯ ಲೋಹಕ್ಕೂ ಹಿಡಿಯಬೇಕು. ಕೆಲವಾದರೂ ಮೆಗಾಓಮ್ ಇರಬೇಕು. ಆ ಮನೆಯ ಹೀಟರ್‌ನಲ್ಲಿ ಮುಳ್ಳು ಸೊನ್ನೆ ಹತ್ತಿರವೇ ನಿಂತಿತ್ತು. ಬೋರ್ಡ್ ಉಳಿಯಿತು, ಹೀಟರ್ ಒಂದೇ ಬದಲಾಯಿತು. ಇದು ಮಷಿನ್ ಬಿಚ್ಚುವ ಕೆಲಸ, ಟೆಕ್ನಿಷಿಯನ್ ಕೈಯಲ್ಲೇ ಮಾಡಿಸಿ. ಆದರೆ ಫೋನ್ ಮಾಡುವಾಗಲೇ ‘ಮೆಗ್ಗರ್ ತರ್ತೀರಾ?’ ಅಂತ ಕೇಳಿ.

6. ಮಾಡಲೇಬಾರದ್ದು

ಪ್ಲಗ್‌ನ ಅರ್ತ್ ಪಿನ್ ಮುರಿದರೆ ಟ್ರಿಪ್ ನಿಲ್ಲಬಹುದು. ಸೋರುವ ಕರೆಂಟ್‌ಗೆ ಹೋಗಲು ದಾರಿ ಇಲ್ಲದೆ ಮಷಿನ್ ಮೈಯಲ್ಲೇ ಕೂತಿರುತ್ತದೆ. ಒದ್ದೆ ಕಾಲಲ್ಲಿ ನಿಂತು ಮಷಿನ್ ಮುಟ್ಟಿದವರೇ ಅದಕ್ಕೆ ದಾರಿ. ಆರ್‌ಸಿಸಿಬಿ ಬೈಪಾಸ್ ಮಾಡಿದರೆ ಇನ್ನೂ ಕೆಟ್ಟದ್ದು, ಆಗ ಆ ಕರೆಂಟ್ ಕಡಿಯುವವರೇ ಇರಲ್ಲ.

ಸಾಕೆಟ್ ಒದ್ದೆಯಾಗಿದ್ದರೆ ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿಸಿ, ಪೂರ್ತಿ ಒಣಗಲು ಬಿಡಿ. ಹಸಿರು ಕಿಲುಬು ಕಂಡರೆ ಒರೆಸಬೇಡಿ, ಸಾಕೆಟ್ಟನ್ನೇ ಬದಲಿಸಿ, ಮೇಲೆ ಮಳೆಗೆ ತಡೆಯುವ ಮುಚ್ಚಳದ ಡಬ್ಬಿ ಹಾಕಿಸಿ. ರಿಪೇರಿ ಮುಗಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒಮ್ಮೆ ಒತ್ತಿ. ತಕ್ಷಣ ಬೀಳದಿದ್ದರೆ ಅದನ್ನೂ ಬದಲಿಸಬೇಕು.