ಹಳೆ ಫೋಟೊದ ಸೀರೆ ಯಾವುದು? ಮೊದಲು ಎಡಬಲ ನೋಡಿ, ಆಮೇಲೆ ನೆರಿಗೆ

ಷಷ್ಟ್ಯಬ್ದಿ ಇರಲಿ, ಬ್ರಹ್ಮಕಲಶ ಇರಲಿ, ಈಗ ಒಂದು ಸ್ಮರಣ ಸಂಚಿಕೆ ಆಗಲೇಬೇಕು. ಅದರಲ್ಲಿ ಹಿರಿಯರ ಕಪ್ಪು ಬಿಳುಪು ಫೋಟೊ, ಕೆಳಗೆ ಉಟ್ಟುಡುಗೆಯ ಬಗ್ಗೆ ಒಂದು ಸಾಲು. ಉಡುಪಿಯಲ್ಲಿ ನಮ್ಮ ನೆಂಟರಿಷ್ಟರ ಪೈಕಿ ಆ ಸಾಲು ಬರೆಯುವ ಕೆಲಸ ನನ್ನ ತಲೆಗೆ ಬಿದ್ದು ಬಹಳ ಕಾಲವಾಯಿತು. ನಾನು ಪದೇ ಪದೇ ಕಂಡ ತಪ್ಪು ಒಂದೇ: ಸೆರಗು ಬಲ ಭುಜದಲ್ಲಿ ಕಂಡ ಕೂಡಲೇ "ಇದು ಕೊಡಗಿನ ಸೀರೆ" ಎಂದು ಬರೆದುಬಿಡುವುದು.

ನಮ್ಮ ಅತ್ತೆಯ ಮನೆಯ ಒಂದು ಫೋಟೊವನ್ನೇ ತೆಗೆದುಕೊಳ್ಳಿ. ಜಗಲಿಯ ಎದುರು ಕುರ್ಚಿಯಲ್ಲಿ ಬರಿಮೈಯ ಅಜ್ಜ, ಪಕ್ಕದ ಕುರ್ಚಿಯಲ್ಲಿ ಅಜ್ಜಿ, ಹಿಂದೆ ಕೋಟು ಪೇಟದ ಮಗ, ಬದಿಯಲ್ಲಿ ನಿಂತ ಸೊಸೆ. ಹೆಂಗಸರಿಬ್ಬರ ಸೆರಗೂ ಬಲ ಭುಜದ ಮೇಲೆ. "ನಮ್ಮಲ್ಲಿಗೆ ಕೊಡಗಿನಿಂದ ಹೆಣ್ಣು ತಂದದ್ದುಂಟಾ ಮಾರಾಯಾ?" ಎಂದು ಅತ್ತೆ ಕೇಳಿದರು. ತಂದದ್ದಿಲ್ಲ.

ಹಂತ 1: ಫೋಟೊ ತಿರುಗಿದೆಯೇ?

ಎಡ ಎಂದರೆ ಫೋಟೊದಲ್ಲಿರುವವರ ಎಡ, ಅಂದರೆ ನೋಡುವ ನಮ್ಮ ಬಲಗಡೆ. ಇಲ್ಲಿಯೇ ಅರ್ಧ ಜನ ಎಡವುತ್ತಾರೆ. ಸಂಶಯವಿದ್ದರೆ ನೀವೇ ಎದ್ದು ನಿಂತು ಅವರ ಹಾಗೆ ಸೆರಗು ಹೊದ್ದು ನೋಡಿ, ನಾಚಿಕೆ ಬೇಡ.

ಹಿಂದೆ ಗಾಜಿನ ಪ್ಲೇಟಿನಲ್ಲಿ ನೆಗೆಟಿವ್ ಇರುತ್ತಿತ್ತು. ಪ್ಲೇಟನ್ನು ಮಗುಚಿಟ್ಟು ಪ್ರಿಂಟು ತೆಗೆದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಗುತ್ತದೆ. ಫಿಲ್ಮಿನ ಕಾಲದಲ್ಲೂ ಇದೇ ಕತೆ. ಈಗ ಹಳೆ ನೆಗೆಟಿವ್ ಸ್ಕ್ಯಾನ್ ಮಾಡಿಕೊಡುವವರು ಅವಸರದಲ್ಲಿ ಇದನ್ನೇ ಮಾಡುತ್ತಾರೆ. ಮುಖ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ಗಂಡಸರನ್ನು ನೋಡಬೇಕು.

ಜನಿವಾರ ಎಡ ಭುಜದಿಂದ ಇಳಿದು ಬಲ ಸೊಂಟಕ್ಕೆ ಬರುತ್ತದೆ. ಅಪರಕರ್ಮದ ಹೊತ್ತಿನಲ್ಲಿ ಮಾತ್ರ ತಿರುವುಮುರುವು, ಆಗ ಯಾರೂ ಕುಟುಂಬದ ಫೋಟೊ ತೆಗೆಸುವುದಿಲ್ಲ. ಕೋಟಿನ ಎದೆಯ ಜೇಬು ಎಡಕ್ಕೆ. ಗಂಡಸರ ಕೋಟಿನಲ್ಲಿ ಎಡ ಪಟ್ಟಿ ಮೇಲೆ ಬಂದು ಬಲ ಪಟ್ಟಿಯನ್ನು ಮುಚ್ಚುತ್ತದೆ. ಗೋಡೆಯಲ್ಲಿ ಕ್ಯಾಲೆಂಡರೋ ಬೋರ್ಡೋ ಇದ್ದರೆ ಭೂತಗನ್ನಡಿ ಹಿಡಿದು ಅಕ್ಷರ ಓದಿ. ಇಂಥ ಎರಡು ಸಾಕ್ಷಿ ಸಿಗುವವರೆಗೆ ತೀರ್ಮಾನಕ್ಕೆ ಬರಬೇಡಿ, ಒಂದು ಸಾಲದು. ಕೈಗಡಿಯಾರವನ್ನು ನಾನು ಸಾಕ್ಷಿ ಎಂದು ಒಪ್ಪುವುದೇ ಇಲ್ಲ, ಬಲಗೈಗೆ ಕಟ್ಟುವವರು ಬೇಕಾದಷ್ಟು ಇದ್ದಾರೆ.

ಅತ್ತೆಯ ಫೋಟೊದಲ್ಲಿ ಅಜ್ಜನ ಜನಿವಾರ ಬಲ ಭುಜದ ಮೇಲಿತ್ತು, ಮಗನ ಕೋಟಿನ ಜೇಬೂ ಬಲಕ್ಕಿತ್ತು. ಫೋನಿನಲ್ಲಿ ಚಿತ್ರವನ್ನು ಮಗುಚಿದ್ದೇ ತಡ, ಸೆರಗುಗಳೆಲ್ಲ ಎಡಕ್ಕೆ ಬಂದವು.

ಒಂದು ಮಾತು. ಹಳೆ ಫೋಟೊಗಳನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಆ ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಸೀರೆಯ ಕೆಳಅಂಚು, ಅಂದರೆ ನಮಗೆ ಬೇಕಾದ ಜಾಗವೇ, ಮಾಯವಾಗುತ್ತದೆ. ತೆಗೆಯಲು ಹೋದರೆ ಚಿತ್ರವೂ ಕಿತ್ತುಬರುತ್ತದೆ.

ಹಂತ 2: ನೆರಿಗೆ ಎಲ್ಲಿದೆ?

ಫೋಟೊ ಮಗುಚಿದರೆ ಎಡಬಲ ಬದಲಾದೀತು, ಹಿಂದುಮುಂದು ಬದಲಾಗದು. ಆದ್ದರಿಂದ ಭುಜಕ್ಕಿಂತ ನೆರಿಗೆಯನ್ನು ನಂಬಿ.

ಕೊಡಗಿನ ಸೀರೆಯಲ್ಲಿ ನೆರಿಗೆ ಬೆನ್ನ ಹಿಂದೆ. ಎದುರಿನಿಂದ ನೋಡಿದರೆ ಸೊಂಟದಿಂದ ಪಾದದವರೆಗೆ ಬಟ್ಟೆ ನೆರಿಗೆಯಿಲ್ಲದೆ ಸಪಾಟಾಗಿ ಕಾಣುತ್ತದೆ. ಎದೆಯ ಮೇಲೆ ಬಟ್ಟೆ ಅಡ್ಡಲಾಗಿ ಹಾದು, ಬಲ ಭುಜದಲ್ಲಿ ಪಿನ್ನಿನಿಂದಲೋ ಗಂಟಿನಿಂದಲೋ ನಿಂತಿರುತ್ತದೆ. ನಾವು ಈಗ ದಿನಾ ಉಡುವ 6 ಗಜದ ಸೀರೆಯಲ್ಲಿ ನೆರಿಗೆ ಹೊಕ್ಕುಳ ಕೆಳಗೆ, ಸೆರಗು ಎದೆಯ ಮೇಲೆ ಓರೆಯಾಗಿ ಏರಿ ಎಡ ಭುಜದಿಂದ ಹಿಂದಕ್ಕೆ ಬೀಳುತ್ತದೆ. ಸೆರಗಿನ ತುದಿ ಫೋಟೊದಲ್ಲಿ ಕಾಣದಿರುವುದು ಅದಕ್ಕೇ. ಅದೇ ತುದಿ, ಅಂಚಿನ ಸಮೇತ, ಎದೆಯ ಮೇಲೆ ಬೀಸಣಿಗೆಯಂತೆ ಹರಡಿದ್ದರೆ ಸೆರಗು ಹಿಂದಿನಿಂದ ಮುಂದಕ್ಕೆ ಬಂದಿದೆ ಎಂದರ್ಥ. ಅದು ಗುಜರಾತಿ ಉಡುಗೆ. ಅದಕ್ಕೂ ಬಲ ಭುಜವೇ, ಕೊಡಗಿಗೂ ಬಲ ಭುಜವೇ. ಭುಜ ನೋಡಿ ಹೆಸರು ಹೇಳಬಾರದು ಎನ್ನುವುದು ಇದಕ್ಕಾಗಿ.

ಕೆಥೋಲಿಕ್ ಕುಟುಂಬದ ಹಳೆ ಚಿತ್ರದಲ್ಲಿ ಹುಡುಗಿಯ ಭುಜದ ಮೇಲೆ ಸೆರಗೇ ಇಲ್ಲದೆ ಬರೀ ಕುಪ್ಪಸವಿದ್ದರೆ ಸೆರಗು ಹುಡುಕುತ್ತ ಕೂರಬೇಡಿ, ಅದು ಕಿರ್ಗಿ-ಬಾಜು, ಅಂದರೆ ಸೊಂಟಕ್ಕೆ ಸುತ್ತಿದ ಬಟ್ಟೆ ಮತ್ತು ಕುಪ್ಪಸದ ಉಡುಗೆ ಇರಬಹುದು.

ಹಂತ 3: ಕಚ್ಚೆ ಇದೆಯೇ?

ಇದು ನಿಜಕ್ಕೂ ಕಷ್ಟ, ಏಕೆಂದರೆ ಕಚ್ಚೆ ಸಿಕ್ಕಿಸುವುದು ಹಿಂದೆ, ಫೋಟೊ ತೆಗೆಯುವುದು ಮುಂದಿನಿಂದ. ಮೇಲೆ ನೋಡಿ ಪ್ರಯೋಜನವಿಲ್ಲ, ಕಣ್ಣು ಪಾದದ ಹತ್ತಿರ ಇರಲಿ. ಕಚ್ಚೆ ಇಲ್ಲದ ಸೀರೆಯ ಕೆಳಅಂಚು ಎರಡೂ ಕಾಲನ್ನು ಒಟ್ಟಿಗೆ ಸುತ್ತಿ, ಗಂಟೆಯ ಬಾಯಿಯಂತೆ ಒಂದೇ ಗೆರೆಯಾಗಿ ನಿಲ್ಲುತ್ತದೆ. 18 ಮೊಳದ ಕಚ್ಚೆ ಸೀರೆಯಲ್ಲಿ ಒಂದೊಂದು ಕಾಲಿಗೂ ಬೇರೆ ಬೇರೆ ಸುತ್ತು. ಕಾಲುಗಳ ನಡುವೆ ಅಂಚು ಮಣಿಗಂಟಿನ ಒಳಬದಿಯಿಂದ ಮೇಲಕ್ಕೆ ಏರಿ ಹಿಂದೆ ಮರೆಯಾಗುತ್ತದೆ. ಬದಿಯಿಂದ ನಿಂತವರಾದರೆ ಮೀನಖಂಡದ ಹಿಂದಿನಿಂದ ಸೊಂಟದವರೆಗೆ ಬಟ್ಟೆಯ ಒಂದು ಉಬ್ಬು ಕಾಣುತ್ತದೆ.

ಅತ್ತೆಯ ಫೋಟೊದಲ್ಲಿ ಕುರ್ಚಿಯಲ್ಲಿ ಕೂತ ಅಜ್ಜಿಯ ಎರಡು ಪಾದಗಳ ನಡುವೆ ಅಂಚು ಹೀಗೆ ಓರೆಯಾಗಿ ಏರಿದ್ದು ಸ್ಪಷ್ಟವಾಗಿತ್ತು. ಸೊಸೆಯ ಸೀರೆಗೆ ಒಂದೇ ಗೆರೆ. ಅಜ್ಜಿಯದು ಕಚ್ಚೆ, ಸೊಸೆಯದು 6 ಗಜ, ಒಂದೇ ಜಗಲಿಯಲ್ಲಿ.

ಕಚ್ಚೆ ಕಂಡ ಮೇಲೆ ಮತ್ತೆ ಭುಜ ನೋಡಿ ಜಾತಿ ಹೇಳಲು ಹೊರಡಬೇಡಿ. ತಮಿಳು ಬ್ರಾಹ್ಮಣರ ಕಚ್ಚೆ ಸೀರೆ ಮಡಿಸಾರನ್ನೇ ನೋಡಿ, ಅಯ್ಯರ್ ಹೆಂಗಸರ ಸೆರಗು ಬಲಕ್ಕೆ, ಅಯ್ಯಂಗಾರ್ ಹೆಂಗಸರದು ಎಡಕ್ಕೆ. ಫೋಟೊ ಮಗುಚಿದ್ದರೆ ಒಬ್ಬರು ಇನ್ನೊಬ್ಬರಾಗಿಬಿಡುತ್ತಾರೆ.

ಹಂತ 4: ಪಂಚೆ, ಪೇಟ, ಬಣ್ಣ

ಪಂಚೆಗೂ ಇದೇ ಪರೀಕ್ಷೆ. ಅಂಚು ನೆಲಕ್ಕೆ ಸಮನಾಗಿದ್ದರೆ ಮುಂಡು, ಕಾಲುಗಳ ನಡುವೆ ಏರಿದರೆ ಕಚ್ಚೆ. ಗದ್ದೆಯಲ್ಲಿ ಮುಂಡು ಎತ್ತಿ ಕಟ್ಟಿದವರನ್ನು ಕಚ್ಚೆ ಹಾಕಿದವರು ಎಂದು ಬರೆಯುವವರಿದ್ದಾರೆ. ಎತ್ತಿ ಕಟ್ಟಿದ ಮುಂಡಿನಲ್ಲಿ ಸೊಂಟದ ಎದುರು ಬಟ್ಟೆಯ ಗಂಟು, ಮೊಣಕಾಲಿನ ಹತ್ತಿರ ಎರಡು ಪದರದ ಬಟ್ಟೆ ಇರುತ್ತದೆ. ಈಚಿನ ಮದುವೆ ಫೋಟೊದಲ್ಲಿ ನೆರಿಗೆಯೆಲ್ಲ ಅಳತೆ ಹಿಡಿದಂತೆ ಸಮ ಇದ್ದರೆ ಅದು ಹೊಲಿದ ರೆಡಿಮೇಡ್ ಕಚ್ಚೆ. ಉಡಲು ಸುಲಭ, ನನಗೆ ಮಾತ್ರ ಅದು ಪೈಜಾಮವೇ.

ಪೇಟವನ್ನು ಕೊನೆಗೆ ನೋಡಿ. ಸ್ಟುಡಿಯೋದವರು ಕೋಟು, ಪೇಟ ಇಟ್ಟುಕೊಂಡು ಬಂದವರಿಗೆಲ್ಲ ತೊಡಿಸುವುದಿತ್ತು. ಹೊಲಿದು ಕೂರಿಸಿದ ಮೈಸೂರು ಪೇಟ ತಲೆಯ ಮೇಲಿದ್ದ ಮಾತ್ರಕ್ಕೆ ಅಜ್ಜ ಅರಮನೆಯ ನೌಕರ ಆಗುವುದಿಲ್ಲ. ತಾನೇ ಸುತ್ತಿದ ಮುಂಡಾಸಾದರೆ ಸುತ್ತುಗಳು ಏರುಪೇರಾಗಿ, ಒಂದು ತುದಿ ಎಲ್ಲಾದರೂ ಇಣುಕುತ್ತದೆ.

ಬಣ್ಣ ಬರೆಯಲೇಬೇಡಿ. ಹಳೆಯ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಹಾಗಾಗಿ ಕೆಂಪು ಸೀರೆ ಕಪ್ಪಾಗಿಯೂ ನೀಲಿ ಸೀರೆ ಬೆಳ್ಳಗೂ ಬೀಳುತ್ತಿತ್ತು. ಸ್ಟುಡಿಯೋದವರು ಕೈಯಿಂದ ಹಚ್ಚಿದ ಬಣ್ಣಕ್ಕೆ ಸಾಕ್ಷಿಯ ಬೆಲೆಯಿಲ್ಲ.

ಹಂತ 5: ಹೆಸರಿನ ಸಾಲು

ಮಗುಚಿದ ಮೇಲೆ "ಎಡದಿಂದ ಬಲಕ್ಕೆ" ಎಂಬ ಪಟ್ಟಿಯನ್ನೂ ಮಗುಚಬೇಕು. ಸೀರೆಯ ಗಡಿಬಿಡಿಯಲ್ಲಿ ನಾನು ಅದನ್ನೇ ಮರೆತೆ. ಸಂಚಿಕೆಯಲ್ಲಿ ಕುರ್ಚಿಯ ಅಜ್ಜಿಗೆ ಅಜ್ಜನ ಹೆಸರು ಬಿದ್ದಿದೆ. ಅತ್ತೆ ಮನೆಗೆ ಬಂದವರಿಗೆಲ್ಲ ಆ ಪುಟವನ್ನೇ ಮೊದಲು ತೆಗೆದು ತೋರಿಸುತ್ತಾರೆ.